ಆವರೇಜ್ ಬಿತ್ತೆಂದರೆ ಡ್ರೈವರನ್ನಷ್ಟೇ ಅನುಮಾನಿಸಬೇಡಿ

ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಲಾರಿ ವ್ಯವಹಾರ. ಹತ್ತು ಚಕ್ರದ ಗಾಡಿಗಳೇ ಜಾಸ್ತಿ. ಅಂಕೋಲಾ ಮೇಲೆ ಮಂಗಳೂರಿಗೆ ಮೆಕ್ಕೆಜೋಳ ಹೋಗುತ್ತದೆ, ಬರುವಾಗ ಗೊಬ್ಬರ ತರುತ್ತೇವೆ. ಡೀಸೆಲ್ ಲೆಕ್ಕ ಮತ್ತು ರಿಪೇರಿ ಲೆಕ್ಕ, ಎರಡನ್ನೂ ಒಂದೇ ಪುಸ್ತಕದ ಒಂದೇ ಪುಟದಲ್ಲಿ ಬರೆಯುವುದು ನಮ್ಮ ರೂಢಿ. ಅದು ಯಾಕೆ ಅಂತ ಒಂದು ಗಾಡಿಯ ಕತೆಯಿಂದಲೇ ಹೇಳುತ್ತೇನೆ.

ಮೊದಲು ಲೆಕ್ಕ ಹಾಕುವ ರೀತಿ. ಪಂಪಿನ ಚೀಟಿಗಳನ್ನು ಸುಮ್ನೆ ಕೂಡಿಸಿದರೆ ಆವರೇಜ್ ಸಿಗುವುದಿಲ್ಲ, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲವಲ್ಲ. ಹೊರಡುವಾಗ ಫುಲ್ ಟ್ಯಾಂಕ್, ವಾಪಸ್ ಬಂದಾಗ ಅದೇ ಪಂಪಿನಲ್ಲಿ ಮತ್ತೆ ಫುಲ್. ನಡುವೆ ಹಾಕಿಸಿದ್ದನ್ನೂ ಸೇರಿಸಬೇಕು. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ಆಯಿತು. ಗಾಡಿ ಸಮತಟ್ಟಾದ ಜಾಗದಲ್ಲೇ ನಿಲ್ಲಬೇಕು, ವಾಲಿ ನಿಂತರೆ ದೊಡ್ಡ ಟ್ಯಾಂಕಿನಲ್ಲಿ ಹಲವು ಲೀಟರ್ ವ್ಯತ್ಯಾಸ ಬರುತ್ತದೆ. ಡೀಸೆಲ್ ನೊರೆ ಬಂದಾಗಲೂ ನಾಝಲ್ ಬೇಗ ಕಟ್ ಆಗುತ್ತದೆ. ನೊರೆ ಇಳಿಯಲಿ, ಆಮೇಲೆ ಮತ್ತೆ ಹಾಕಿಸಿ. ಇನ್ನೊಂದು ಮಾತು: ಅರಬೈಲು ಘಾಟಿ ಹತ್ತುವ ಗಾಡಿಯನ್ನು ಬಯಲುಸೀಮೆಯಲ್ಲೇ ಓಡುವ ಗಾಡಿಗೆ ಹೋಲಿಸಬೇಡಿ. ಅದೇ ಗಾಡಿ, ಅದೇ ದಾರಿ, ಹೆಚ್ಚುಕಡಿಮೆ ಅದೇ ತೂಕ ಇದ್ದರೆ ಮಾತ್ರ ಹೋಲಿಕೆಗೆ ಅರ್ಥ.

ನಮ್ಮ ಒಂದು ಬಿಎಸ್6 ಗಾಡಿ ಈ ದಾರಿಯಲ್ಲಿ ಲೀಟರಿಗೆ 4.1 ಕಿಲೋಮೀಟರ್ ಕೊಡುತ್ತಿತ್ತು. ಆಮೇಲೆ ಸತತ ಮೂರು ಟ್ರಿಪ್ 3.6ರ ಆಸುಪಾಸು. ಮೂರೂ ಸೇರಿ ಸುಮಾರು 2,250 ಕಿಲೋಮೀಟರ್. ಮೊದಲಿನ ಲೆಕ್ಕದಲ್ಲಿ 549 ಲೀಟರ್ ಸಾಕಿತ್ತು, ಹೋದದ್ದು 625. ಲೀಟರಿಗೆ 90 ರೂಪಾಯಿ ಹಿಡಿದರೂ ಹತ್ತಿರಹತ್ತಿರ ಏಳು ಸಾವಿರ. ಆಫೀಸಿನಲ್ಲಿ ಎಲ್ಲರ ಕಣ್ಣೂ ಡ್ರೈವರ್ ಮೇಲೆ. ಅವನು ಒಂದೇ ಮಾತು ಹೇಳಿದ, "ಸಾವ್ಕಾರ್ರ, ಡೀಸೆಲ್ ನಾ ಕುಡದಿಲ್ರಿ, ಗಾಡೀನ ಕುಡದೈತಿ."

ಅವನ ಮಾತು ನಿಜವೋ ಸುಳ್ಳೋ ನೋಡಲು ಒಂದು ದಾರಿ ಇದೆ, ಯೂರಿಯಾ ಲೆಕ್ಕ. ಆಡ್‌ಬ್ಲೂ ಅಂತಲೂ ಕರೆಯುತ್ತಾರೆ. ಬಿಎಸ್6 ಲಾರಿಗಳಲ್ಲಿ ಹೊಗೆ ಶುದ್ಧ ಮಾಡಲು ಇದು ಖರ್ಚಾಗುತ್ತದೆ, ಇಂಜಿನ್ ಎಷ್ಟು ಡೀಸೆಲ್ ಉರಿಸಿತೋ ಅದಕ್ಕೆ ತಕ್ಕಂತೆ. ಟ್ಯಾಂಕಿನಿಂದ ಪೈಪ್ ಹಾಕಿ ತೆಗೆದ ಡೀಸೆಲ್‌ಗೆ ಯೂರಿಯಾ ಖರ್ಚಾಗುವುದಿಲ್ಲ ಅಲ್ವಾ? ನಮ್ಮ ಈ ಗಾಡಿಗೆ ನೂರು ಲೀಟರ್ ಡೀಸೆಲ್‌ಗೆ ಸುಮಾರು ನಾಲ್ಕು ಲೀಟರ್ ಯೂರಿಯಾ ಬೇಕು. 549 ಲೀಟರಿಗೆ 22 ಆಗಬೇಕಿತ್ತು, ಪುಸ್ತಕದಲ್ಲಿ 25 ಇತ್ತು. ಅಂದರೆ ಡೀಸೆಲ್ ಇಂಜಿನ್ನಿನಲ್ಲೇ ಉರಿದಿದೆ. ಒಂದೇ ಟ್ರಿಪ್ಪಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಕೆಲವು ಟ್ರಿಪ್ ಕೂಡಿಸಬೇಕು, ಯೂರಿಯಾ ಟ್ಯಾಂಕನ್ನೂ ಫುಲ್‌ನಿಂದ ಫುಲ್‌ಗೆ ಅಳೆಯಬೇಕು. ಯೂರಿಯಾ ಇಲ್ಲದ ಹಳೆಯ ಗಾಡಿಗಳಿಗೆ ಈ ಉಪಾಯ ನಡೆಯುವುದಿಲ್ಲ.

ಹಾಗಾದರೆ ಗಾಡಿಯಲ್ಲೇ ಏನೋ ಎಳೆಯುತ್ತಿದೆ. ಏರ್ ಫಿಲ್ಟರ್ ಚೆನ್ನಾಗಿತ್ತು, ಟಯರುಗಳಲ್ಲಿ ಹವಾ ಸರಿಯಿತ್ತು. ಮೇಸ್ತ್ರಿ ಗಾಡಿ ಖಾಲಿ ಮಾಡಿಸಿ, ಬೈಪಾಸಿನಲ್ಲಿ ಹೆಚ್ಚು ಬ್ರೇಕ್ ಹಾಕದೆ ಒಂದು ಸುತ್ತು ಓಡಿಸಿಕೊಂಡು ಬಂದರು. ಘಾಟಿ ಇಳಿದ ತಕ್ಷಣ ನೋಡಿದರೆ ಎಲ್ಲ ಡ್ರಮ್ಮೂ ಕಾದಿರುತ್ತವೆ, ಏನೂ ತಿಳಿಯುವುದಿಲ್ಲ. ಒಂದೊಂದೇ ಡ್ರಮ್ಮಿನ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡುತ್ತಾ ಹೋದರು. ಮುಟ್ಟಬಾರದು, ಬಿಸಿ ದೂರಕ್ಕೇ ಗೊತ್ತಾಗುತ್ತದೆ. ಹಿಂದಿನ ಬಲಗಡೆಯ ಒಂದು ಡ್ರಮ್ ಮಾತ್ರ ಕೆಂಡ. ಚಕ್ರಗಳಿಗೆ ಕಟ್ಟೆ ಕೊಟ್ಟು, ಏರ್ ಪೂರ್ತಿ ತುಂಬಿಸಿ, ಹ್ಯಾಂಡ್‌ಬ್ರೇಕ್ ಬಿಡಿಸಿ ಜಾಕ್ ಎತ್ತಿದರೆ ಆ ಚಕ್ರ ಕೈಗೆ ಸಲೀಸಾಗಿ ತಿರುಗಲೇ ಇಲ್ಲ.

ಬಿಚ್ಚಿ ನೋಡಿದಾಗ ಬ್ರೇಕ್ ಕ್ಯಾಮ್ ಶಾಫ್ಟ್ ಬುಶ್ಶಿನಲ್ಲಿ ಒಣಗಿ ಹಿಡಿದುಕೊಂಡಿತ್ತು. ಪೆಡಲ್ ಬಿಟ್ಟರೂ ಲೈನರ್ ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ. ಆದರೆ ಗ್ರೀಸ್ ಹೊಡೆಸಿದ ದಾಖಲೆ ಪುಸ್ತಕದಲ್ಲಿ ಇದೆ! ಮೇಸ್ತ್ರಿ ಗ್ರೀಸ್ ಗನ್ ಹಚ್ಚಿ ತೋರಿಸಿದರು. ನಿಪ್ಪಲ್ ಒಳಗೆ ಮಣ್ಣು ಗಟ್ಟಿಯಾಗಿತ್ತು, ಗ್ರೀಸ್ ಒಳಗೆ ಹೋಗದೆ ಸುತ್ತಲೂ ಉಕ್ಕಿ ಬರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಎಲ್ಲ ಗ್ರೀಸ್‌ಮಯ, ಒಳಗೆ ಒಣ ಕಬ್ಬಿಣ. ನಿಪ್ಪಲ್ಲು, ಬುಶ್ಶು, ಕಾದು ಸುಟ್ಟ ಲೈನರ್ ಬದಲಾಯಿಸಿದೆವು. ಹಬ್ಬಿನ ಗ್ರೀಸೂ ಕರಗಿ ಹೋಗಿತ್ತು, ಇನ್ನಷ್ಟು ದಿನ ಬಿಟ್ಟಿದ್ದರೆ ಬೇರಿಂಗ್ ಹೋಗುತ್ತಿತ್ತು. ಮುಂದಿನ ಟ್ರಿಪ್ಪಿಗೆ ಆವರೇಜ್ ಮತ್ತೆ ನಾಲ್ಕು ದಾಟಿತು.

ಈಗ ಪುಟದಲ್ಲಿ "ಗ್ರೀಸ್ ಆಯಿತು" ಅಂತ ಬರೆದರೆ ಒಪ್ಪುವುದಿಲ್ಲ. ಹಳೇ ಗ್ರೀಸ್ ಹೊರಗೆ ಬಂತೇ ಅಂತ ಬರೆಯಬೇಕು. ತಾರೀಕಿನ ಜೊತೆ ಮುಂದಿನ ಸಲ ಯಾವ ಕಿಲೋಮೀಟರಿಗೆ ಅನ್ನುವುದನ್ನೂ ಬರೆಯುತ್ತೇವೆ, ಲೋಡಿಗೆ ಕಾಯುವ ಗಾಡಿ ತಿಂಗಳಿಗೆ ಎಷ್ಟು ಓಡುತ್ತದೋ ಹೇಳಲಾಗುವುದಿಲ್ಲ. ಕಂಪನಿಯ ಪುಸ್ತಕ ಹೇಳಿದ ಅಂತರಕ್ಕಿಂತ ಮಳೆಗಾಲದಲ್ಲಿ ಬೇಗನೆ ಮಾಡಿಸುತ್ತೇವೆ, ಘಾಟಿಯ ಕೆಸರು ನಿಪ್ಪಲ್ ಮುಚ್ಚುವುದು ಆಗಲೇ. ಆವರೇಜ್ ಎರಡು ಟ್ರಿಪ್ ಸತತವಾಗಿ ಇಳಿದರೆ ಕಿಲೋಮೀಟರ್ ತುಂಬುವವರೆಗೆ ಕಾಯದೆ ಗಾಡಿ ನೇರ ಗ್ಯಾರೇಜಿಗೆ ಹೋಗುತ್ತದೆ.