ಮಾವನ ಕಂಗಿನ ತೋಟಕ್ಕೆ ಹದಿನಾಲ್ಕು ಚೀಲ ಪೊಟ್ಯಾಷ್?

ಪೆರ್ಲದ ಕಡೆ ಕಂಗಿನ, ಅಂದರೆ ಅಡಿಕೆಯ, ತೋಟ ಇರುವ ಮಾವ ಒಂದು ಫೋಟೋ ಕಳಿಸಿದ್ದರು. ಮಣ್ಣು ಪರೀಕ್ಷೆಯ ಕಾರ್ಡಿನ ಫೋಟೋ. ಪ್ಲಾಸ್ಟಿಕ್ ಹಾಕಿಸಿದ ಕಾರ್ಡು, ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಮಧ್ಯದಲ್ಲಿ ಒಂದು ಬಿಳಿ ಪಟ್ಟಿ. ಕಾರ್ಡು ಪೂರ್ತಿ ಮಲಯಾಳದಲ್ಲಿತ್ತು. ಮಾವನಿಗೆ ಮಲಯಾಳ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಕಾಸರಗೋಡಿನ ಗಡಿ ಊರುಗಳಲ್ಲಿ ಕನ್ನಡ ಶಾಲೆಗೆ ಹೋದ ಹಿರಿಯರಲ್ಲಿ ಹೀಗಿರುವವರು ತುಂಬಾ ಜನ. ನಾನು ಮೊದಲು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವನಾದ್ದರಿಂದ ಇಂಥ ಫೋಟೋಗಳು ನನಗೆ ಬರುತ್ತಲೇ ಇರುತ್ತವೆ.

ಫೋಟೋದ ಹಿಂದೆಯೇ ಫೋನೂ ಬಂತು. "ಇದರಲ್ಲಿ ಒಂದು ಮರಕ್ಕೆ ಎರಡು ಕಿಲೋಗಿಂತ ಜಾಸ್ತಿ ಪೊಟ್ಯಾಷ್ ಅಂತ ಬರೆದಿದೆಯಂತೆ ಮಾರಾಯ. ಪಕ್ಕದ ಮನೆಯ ಹುಡುಗ ಓದಿ ಹೇಳಿದ. ನನ್ನದು ಅರುವತ್ತು ಸೆಂಟು, ಮುನ್ನೂರ ಮೂವತ್ತು ಕಂಗು. ಲೆಕ್ಕ ಹಾಕಿದರೆ ಹದಿನಾಲ್ಕು ಚೀಲ ಆಗ್ತದೆ. ಹೌದಾ ಅದು?"

ಹುಡುಗ ಓದಿದ್ದು ಸರಿಯಾಗಿಯೇ ಇತ್ತು. ಯೂರಿಯಾ 770 ಗ್ರಾಂ, ರಾಕ್ ಫಾಸ್ಫೇಟ್ 400 ಗ್ರಾಂ, ಪೊಟ್ಯಾಷ್ 2 ಕಿಲೋ 120 ಗ್ರಾಂ. ಆದರೆ ಫೋಟೋದಲ್ಲಿ ಬೆಳೆಯ ಹೆಸರಿರುವ ಮೇಲಿನ ಸಾಲು ಕತ್ತರಿಸಿ ಹೋಗಿತ್ತು. ಬಲಬದಿಯಲ್ಲಿ ಇನ್ನೊಂದು ಕಾಲಮ್ಮಿನ ಗೆರೆ ಮಾತ್ರ ಕಾಣುತ್ತಿತ್ತು, ಅಂಕಿ ಇಲ್ಲ.

ಇಂಥ ಕಡೆ ಅಂಕಿಯನ್ನು ತಿರುಗಿಸಿ ನೋಡಬೇಕು. ಪೊಟ್ಯಾಷ್ ಗೊಬ್ಬರದಲ್ಲಿ ನೂರಕ್ಕೆ ಅರುವತ್ತು ಪಾಲು ಮಾತ್ರ ಪೊಟ್ಯಾಷ್ ಸತ್ವ. ಹಾಗಾದರೆ 2120 ಗ್ರಾಮಿನಲ್ಲಿ ಇರುವುದು ಸುಮಾರು 1270 ಗ್ರಾಂ ಸತ್ವ. ಕೇರಳದಲ್ಲಿ ತೆಂಗಿನ ಮರವೊಂದಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಹೇಳುವುದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಕಂಗಿಗೆ ಹೇಳುವುದು 100, 40, 140 ಮಾತ್ರ. ಅಂದರೆ ಮಾವನ ಕೈಯಲ್ಲಿದ್ದದ್ದು ತೆಂಗಿನ ಕಾಲಮ್ಮು. ಅಷ್ಟನ್ನು ಕಂಗಿನ ಬುಡಕ್ಕೆ ಹಾಕಿದ್ದರೆ ದುಡ್ಡು ಹೋಗುವುದಷ್ಟೇ ಅಲ್ಲ, ಬೇರಿನ ತುದಿಗಳೇ ಸುಟ್ಟುಹೋಗುವ ಸಾಧ್ಯತೆ ಇತ್ತು.

"ಮಾವ, ಕಾರ್ಡನ್ನು ಅಂಗಳಕ್ಕೆ ತನ್ನಿ. ನೆಲದ ಮೇಲೆ ಇಟ್ಟು, ನೆರಳಿನಲ್ಲಿ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ನಾಲ್ಕು ಮೂಲೆಯೂ ಕಾಣಬೇಕು" ಎಂದೆ. ಎರಡನೆಯ ಫೋಟೋದಲ್ಲಿ ಎಲ್ಲ ಬಂತು. ಬಲಬದಿಯಲ್ಲಿ ಕಂಗು ಇತ್ತು: ಯೂರಿಯಾ 154, ರಾಕ್ ಫಾಸ್ಫೇಟ್ 50, ಪೊಟ್ಯಾಷ್ 247 ಗ್ರಾಂ. ಬಿಳಿ ಪಟ್ಟಿಯ ಕೆಳಗೆ ಅಡಗಿದ್ದ ಪಿಎಚ್ 4.8 ಎಂದೂ ಗೊತ್ತಾಯಿತು.

ಓರೆಯಾಗಿ ತೆಗೆದ ಫೋಟೋದಲ್ಲಿ ಇನ್ನೊಂದು ಅಪಾಯ ಇದೆ. ಕಣ್ಣು ಒಂದು ಸಾಲಿನಿಂದ ಕೆಳಗಿನ ಸಾಲಿಗೆ ಜಾರುತ್ತದೆ, ರಂಜಕದ ಎದುರು ಪೊಟ್ಯಾಷಿನ ಅಂಕಿ ಓದಿಬಿಡುತ್ತೇವೆ. ಅದಕ್ಕೇ ನಾನು ಅಂಕಿಯ ಜೊತೆ ಪಕ್ಕದ 'ಕಡಿಮೆ, ಮಧ್ಯಮ, ಹೆಚ್ಚು' ಎಂಬ ಮಾತನ್ನೂ ಕೂಡಿಸಿ ಓದುತ್ತೇನೆ. ಮಾವನ ಕಾರ್ಡಿನಲ್ಲಿ ರಂಜಕ ಹೆಕ್ಟೇರಿಗೆ 32.4 ಕಿಲೋ, ಹೆಚ್ಚು. ಪೊಟ್ಯಾಷ್ 98 ಕಿಲೋ, ಕಡಿಮೆ. 98 ದೊಡ್ಡ ಅಂಕಿ, 32 ಸಣ್ಣದು. ಆದರೂ 98 ಕಡಿಮೆ, 32 ಹೆಚ್ಚು. ಪ್ರತಿ ಸತ್ವಕ್ಕೂ ಅದರದ್ದೇ ಅಳತೆ. ಮಾವನಿಗೆ ಇದು ಒಪ್ಪಿಗೆಯಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ರಂಜಕ ಯಾಕೆ ಇಷ್ಟು?" ಎಂದು ಕೇಳಿದರು. ಏನು ಹಾಕುತ್ತಿದ್ದೀರಿ ಎಂದು ನಾನು ಕೇಳಿದೆ. ಪ್ರತಿ ವರ್ಷ ಫ್ಯಾಕ್ಟಂಫಾಸ್, ಅಂಗಡಿಯ ಗೊಬ್ಬರ ಬೇರೇನೂ ಇಲ್ಲ. ಅಲ್ಲೇ ಉತ್ತರ ಇತ್ತು. ಆ ಗೊಬ್ಬರದಲ್ಲಿ ನೂರಕ್ಕೆ ಸಾರಜನಕ 20, ರಂಜಕ 20, ಪೊಟ್ಯಾಷ್ ಸೊನ್ನೆ. ಕಂಗಿಗೆ ಹೆಚ್ಚು ಬೇಕಾಗುವುದು ಪೊಟ್ಯಾಷ್. ಅದು ಪ್ರತಿ ವರ್ಷ ಅಡಿಕೆಯ ಜೊತೆ, ಮಳೆನೀರಿನ ಜೊತೆ ಹೋಗುತ್ತಲೇ ಇತ್ತು, ಅದನ್ನು ತುಂಬುವಷ್ಟು ಬರುತ್ತಿರಲಿಲ್ಲ. ರಂಜಕ ಹಾಗಲ್ಲ. ನಮ್ಮ ಕೆಂಪು ಮುರಕಲ್ಲು ಮಣ್ಣಿನಲ್ಲಿ ಅದು ಕಚ್ಚಿಕೊಂಡು ಕೂರುತ್ತದೆ.

ಸಾರಜನಕದ ಲೆಕ್ಕ ಬೇರೆ ತರಹ. ಇಲ್ಲಿ ಅದನ್ನು ನೇರವಾಗಿ ಅಳೆಯುವುದಿಲ್ಲ, ಸಾವಯವ ಇಂಗಾಲದಿಂದ ಅಂದಾಜು ಮಾಡುತ್ತಾರೆ. ಮಾವನದ್ದು ನೂರಕ್ಕೆ 1.6, ಸೊಪ್ಪು ಮತ್ತು ಹಟ್ಟಿಗೊಬ್ಬರ ಬಿಡದೆ ಹಾಕಿದ್ದರ ಫಲ. ಆದ್ದರಿಂದ ಸಾಮಾನ್ಯ ಪ್ರಮಾಣದ ಶೇಕಡಾ 71ರಷ್ಟು ಸಾಕು ಎಂದು ಕಾರ್ಡು ಹೇಳಿತ್ತು. ರಂಜಕ ಕಾಲುಭಾಗ ಮಾತ್ರ. ಪೊಟ್ಯಾಷ್ ಶೇಕಡಾ 106.

ಮಣ್ಣು ಎಲ್ಲಿಂದ ತೆಗೆದದ್ದು ಎಂದೂ ಕೇಳಿಕೊಂಡೆ. ಗೊಬ್ಬರ ಹಾಕಿದ ಸ್ವಲ್ಪ ದಿನಕ್ಕೇ ಬುಡದಿಂದ ತೆಗೆದಿದ್ದರೆ ರಂಜಕ ಸುಮ್ನೆ ಹೆಚ್ಚು ತೋರಿಸುತ್ತದೆ, ಆಗ ಈ ಕಾರ್ಡನ್ನು ನಂಬುವ ಹಾಗಿಲ್ಲ. ಮಾವ ಬೇಸಿಗೆಯಲ್ಲಿ, ತೋಟದ ಬೇರೆ ಬೇರೆ ಕಡೆಯಿಂದ ತೆಗೆದು ಬೆರೆಸಿದ್ದರು. ನನಗೆ ಧೈರ್ಯ ಬಂತು.

ಉಳಿದದ್ದು ಸುಣ್ಣ. 4.8 ಎಂದರೆ ತುಂಬಾ ಹುಳಿ ಮಣ್ಣು. ಇಷ್ಟು ಹುಳಿ ಇದ್ದರೆ ಹಾಕಿದ ಗೊಬ್ಬರ ಮರಕ್ಕೆ ಸರಿಯಾಗಿ ಸಿಗುವುದಿಲ್ಲ. ಕಾರ್ಡಿನಲ್ಲಿ ಹೆಕ್ಟೇರಿಗೆ 600 ಕಿಲೋ ಎಂದಿತ್ತು. ಕಂಗಿನ ತೋಟದವರು ಹೆಕ್ಟೇರಿನಲ್ಲಿ ಯೋಚಿಸುವುದಿಲ್ಲ ಅಲ್ವಾ? ಸೆಂಟಿಗೆ ಸುಮಾರು ಎರಡೂವರೆ ಕಿಲೋ ಎಂದೆ. ಅರುವತ್ತು ಸೆಂಟಿಗೆ ಹತ್ತಿರ ಹತ್ತಿರ ಮೂರು ಚೀಲ, ಮರವೊಂದಕ್ಕೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ. ಮೊದಲ ಮಳೆ ಬಿದ್ದು ಮಣ್ಣು ಒದ್ದೆಯಾದ ಮೇಲೆ ಸುಣ್ಣ. ಯೂರಿಯಾ ಅದರ ಜೊತೆ ಬೇಡ, ಕನಿಷ್ಠ ಎರಡು ವಾರ ಬಿಡಬೇಕು. ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

"ಮನೆಯಲ್ಲಿ ಒಂದು ಚೀಲ ಫ್ಯಾಕ್ಟಂಫಾಸ್ ಉಳಿದಿದೆ. ಅದನ್ನು ಬಿಸಾಡುವುದಾ?"

ಬೇಡ ಎಂದೆ. ರಾಕ್ ಫಾಸ್ಫೇಟ್ ಕೊಳ್ಳುವ ಬದಲು ಅದನ್ನೇ ಮರಕ್ಕೆ 50 ಗ್ರಾಂ ಹಾಕಿದರೆ ಬೇಕಾದ 10 ಗ್ರಾಂ ರಂಜಕ ಸಿಗುತ್ತದೆ. ಜೊತೆಗೆ 10 ಗ್ರಾಂ ಸಾರಜನಕವೂ ಬರುವುದರಿಂದ ಯೂರಿಯಾ 154ರಿಂದ 133 ಗ್ರಾಮಿಗೆ ಇಳಿಸಬಹುದು. ತೋಟಕ್ಕೆಲ್ಲ ಸೇರಿ ಫ್ಯಾಕ್ಟಂಫಾಸ್ ವರ್ಷಕ್ಕೆ ಹದಿನಾರೂವರೆ ಕಿಲೋ ಸಾಕು. ಮೂರು ವರ್ಷಕ್ಕೆ ಬರುವ ಚೀಲ ಅದು, ಆದರೆ ನಮ್ಮ ಮಳೆಗಾಲದ ತೇವಕ್ಕೆ ಕಲ್ಲಾಗುತ್ತದೆ. ಹೆಚ್ಚಾದದ್ದನ್ನು ಬೇಕಾದವರಿಗೆ ಕೊಡಿ ಎಂದೆ.

ಕೊನೆಗೆ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕಳಿಸಿದೆ, ಗ್ರಾಂ ಲೆಕ್ಕದಲ್ಲಿ ಅಲ್ಲ, ಚೀಲದ ಲೆಕ್ಕದಲ್ಲಿ. ಸುಣ್ಣ ಮೂರು ಚೀಲ. 45 ಕಿಲೋದ ಯೂರಿಯಾ ಒಂದು ಚೀಲ. ಪೊಟ್ಯಾಷ್ ಎರಡು ಚೀಲ, ಅದರಲ್ಲೂ ಸ್ವಲ್ಪ ಉಳಿಯುತ್ತದೆ. ಗೊಬ್ಬರದ ಅರ್ಧ ಮೇ-ಜೂನಿನಲ್ಲಿ, ಇನ್ನರ್ಧ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಬುಡಕ್ಕೆ ತಾಗದ ಹಾಗೆ ಸುತ್ತಲೂ ಎರಡೂವರೆ-ಮೂರು ಅಡಿಯೊಳಗೆ ಹರಡಿ ಮಣ್ಣಿಗೆ ಬೆರೆಸಬೇಕು. ಜೋರು ಮಳೆಯ ದಿನ ಬೇಡ.

ಸಂಜೆ ಮಾವ ಮತ್ತೆ ಫೋನ್ ಮಾಡಿದರು. ಅಂಗಡಿಯವ ಪೊಟ್ಯಾಷ್ ಬದಲು ಇನ್ನೊಂದು ಮಿಶ್ರ ಗೊಬ್ಬರ ಕೊಡುತ್ತೇನೆ ಎಂದನಂತೆ. "ಚೀಲದ ಮೇಲೆ ಮೂರು ಅಂಕಿ ಇರುತ್ತದೆ, ಓದಿ ಹೇಳಿ ಮಾವ" ಎಂದೆ. ಓದಿದರು. ಮಧ್ಯದ್ದು ರಂಜಕದ ಅಂಕಿ, ಅದೇ ದೊಡ್ಡದಿತ್ತು. "ಹಾಗಾದರೆ ನಮಗೆ ಬೇಡ, ಅಲ್ವಾ?" ಎಂದು ಮಾವನೇ ಹೇಳಿ, ಪೊಟ್ಯಾಷ್ ಬರುವ ದಿನ ಕೇಳಿಕೊಂಡು ಮನೆಗೆ ಹೊರಟರು.