ಆ 0.36 ನನ್ನ ಮುಖದ ಹಿಂದೆ ಅಡಗಿತ್ತು

ಹಳ್ಳಿಯ ಹಾಲಿನ ಸಂಘಗಳಲ್ಲಿ ಹಾಲು ಪರೀಕ್ಷೆ ಮಾಡುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೊದಲು ಊರೂರಿಗೆ ಹೋಗಿ ಹೇಳಿಕೊಡುತ್ತಿದ್ದೆ, ಈಗ ಮುಕ್ಕಾಲು ಪಾಲು ವಿಡಿಯೊ ಕಾಲ್‌ನಲ್ಲೇ. ಬೆಳಗಿನ ಹಾಲು ಅಳೆದು ಮುಗಿದ ಮೇಲೆ, ಹನ್ನೊಂದರ ಹೊತ್ತಿಗೆ, ನಲವತ್ತು ಜನ ಸೇರುತ್ತಾರೆ. ಅವರಲ್ಲಿ ಲ್ಯಾಪ್‌ಟಾಪ್ ಇರುವವರು ನಾಲ್ಕೈದು ಮಂದಿ. ಉಳಿದವರದೆಲ್ಲ ಫೋನು, ಅದೂ ಹಾಲಿನ ಕ್ಯಾನಿಗೆ ಒರಗಿಸಿಟ್ಟ ಫೋನು. ಬರಲಾಗದವರು ಸಂಜೆ ರೆಕಾರ್ಡಿಂಗ್ ನೋಡುತ್ತಾರೆ.

ಒಂದು ಪಾಠದ ಕೊನೆಗೆ ಲೆಕ್ಕ ಕೊಟ್ಟಿದ್ದೆ. ತಿದ್ದಿದ ಲ್ಯಾಕ್ಟೋಮೀಟರ್ ರೀಡಿಂಗ್, ಅಂದರೆ ಸಿಎಲ್‌ಆರ್ 28, ಫ್ಯಾಟ್ 4.0, ಹಾಗಾದರೆ ಹಾಲಿನಲ್ಲಿ ಫ್ಯಾಟ್ ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ಎಷ್ಟು? ನಾವು ಕಲಿಸುವ ಸೂತ್ರ ಇದು:

```
SNF = CLR/4 + 0.21 × Fat + 0.36
```

7, ಅದಕ್ಕೆ 0.84, ಅದಕ್ಕೆ 0.36. ಒಟ್ಟು 8.20. ಅಂದು ಕಾಲ್‌ನಲ್ಲಿದ್ದವರಲ್ಲಿ ಬಹುತೇಕರು ಸರಿಯಾಗೇ ಹೇಳಿದರು. ಮರುದಿನ ರೆಕಾರ್ಡಿಂಗ್ ನೋಡಿದವರ ಉತ್ತರಗಳು ಬರತೊಡಗಿದವು. 7.84. ಇನ್ನೊಬ್ಬರದೂ 7.84. ಒಂಬತ್ತು ಜನರದ್ದು ಹೀಗೇ ಬಂತು. ಒಬ್ಬರದ್ದು ನೋಡಿ ಒಬ್ಬರು ಬರೆದಿದ್ದಾರೆ ಅಂತ ಮೊದಲು ಸಿಟ್ಟೇ ಬಂತು. ಆಮೇಲೆ ಸುಮ್ಮನೆ ಕಳೆದು ನೋಡಿದೆ. ವ್ಯತ್ಯಾಸ ಸರಿಯಾಗಿ 0.36.

ರೆಕಾರ್ಡಿಂಗ್ ತೆಗೆದು ನೋಡಿದರೆ, ಸೂತ್ರ ಸ್ಲೈಡಿನ ಮೇಲ್ಭಾಗದಲ್ಲಿ ಒಂದೇ ಸಾಲಿನಲ್ಲಿ ಬಲ ಅಂಚಿನವರೆಗೆ ಹರಿದಿದೆ. ಬಲ ಮೇಲ್ಮೂಲೆಯಲ್ಲಿ ನನ್ನ ಮುಖದ ಚೌಕ. `0.21 × Fat` ಆದ ಮೇಲೆ ಕೂಡಿಸುವ ಚಿಹ್ನೆಯೂ ಕಾಣುತ್ತಿಲ್ಲ. ಅರ್ಧ ಕತ್ತರಿಸಿದ ಅಂಕಿಯಾದರೂ ಕಂಡಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಆದರೆ ನೋಡುವವರಿಗೆ ಅದು ಪೂರ್ತಿ ಸೂತ್ರದ ಹಾಗೇ ಕಾಣುತ್ತಿತ್ತು. ಕೊನೆಯ ಆ ಸಂಖ್ಯೆ ಎಲ್ಲ ಕಡೆ ಒಂದೇ ಇರುವುದಿಲ್ಲ, ಹಾಗಾಗಿ ಗೊತ್ತಿದ್ದವರೂ ಇಲ್ಲಿ ಅದನ್ನು ಬಿಟ್ಟಿದ್ದಾರೆ ಅಂದುಕೊಂಡಿರಬಹುದು. ನಾನಾದರೂ ಬಾಯಲ್ಲಿ ಸಂಖ್ಯೆ ಹೇಳಿದ್ದೇನೆಯೇ ಅಂದರೆ ಅದೂ ಇಲ್ಲ. "ಕೊನೆಗೆ ಇದನ್ನೂ ಸೇರಿಸಿ" ಅಂತ ಮೌಸ್ ಆಡಿಸಿದ್ದೇನೆ. ಆ ಬಾಣ ನನ್ನ ಮುಖದ ಹಿಂದೆ ಹೋಗಿ ಮಾಯವಾಗಿದೆ.

ಸ್ಲೈಡ್ ತೋರಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ. ನನ್ನ ಪರದೆಯಲ್ಲಿ ಸ್ಲೈಡ್ ಪೂರ್ತಿ, ಸ್ವಚ್ಛವಾಗಿ ಇರುತ್ತದೆ. ಅದಕ್ಕೇ ಈಗ ಅದೇ ಮೀಟಿಂಗ್‌ಗೆ ನನ್ನ ಫೋನಿನಿಂದಲೂ ಸೇರಿ, ದನಿ ಮುಚ್ಚಿ, ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಮೊದಲ ದಿನ ಹಾಗೆ ನೋಡಿದಾಗ ಇನ್ನೂ ಎರಡು ಸಂಗತಿ ಕಣ್ಣಿಗೆ ಬಿತ್ತು. ಫೋನಿನಲ್ಲಿ ನೋಡುವವರ ಸ್ವಂತ ಮುಖದ ಪುಟ್ಟ ಚೌಕ ಬಲ ಕೆಳಮೂಲೆಯಲ್ಲಿ ಕೂತಿತ್ತು. ಬೆರಳಲ್ಲಿ ಎಳೆದರೆ ಪಕ್ಕಕ್ಕೆ ಹೋಗುತ್ತದೆ, ಆದರೆ ಎಳೆಯುವವರು ಯಾರು? ಯಾರಾದರೂ ಕ್ಯಾಪ್ಷನ್ ಹಾಕಿಕೊಂಡರೆ ಕೆಳಗಿನ ಪಟ್ಟಿ ಪೂರ್ತಿ ಹೋಯಿತು. ನಾನು ಟೇಬಲ್ಲುಗಳ ಒಟ್ಟು ಮೊತ್ತವನ್ನೆಲ್ಲ ಬರೆಯುತ್ತಿದ್ದದ್ದು ಸರಿಯಾಗಿ ಅಲ್ಲೇ, ಬಲಗಡೆ ಕೆಳಗೆ.

ಕ್ಯಾಮೆರಾನೇ ಆಫ್ ಮಾಡಿ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಮಾಡಿ ನೋಡಿದೆ. ಐದು ನಿಮಿಷಕ್ಕೊಮ್ಮೆ "ಮೇಡಂ, ಲೈನಲ್ಲಿದ್ದೀರಾ?" ಅಂತ ಶುರುವಾಯಿತು. ರೆಕಾರ್ಡಿಂಗ್‌ನಲ್ಲಿ ಮುಖ ಬರದ ಹಾಗೆ ಸೆಟ್ಟಿಂಗ್ ಬದಲಿಸಬಹುದು, ಬದಲಿಸಿದ್ದೂ ಆಯಿತು. ಆದರೆ ಅವರವರ ಫೋನಿನ ಚೌಕ ನನ್ನ ಕೈಯಲ್ಲಿಲ್ಲ. ಹಾಗಾಗಿ ಸ್ಲೈಡೇ ಜಾಗ ಬಿಡಬೇಕು.

ಪವರ್‌ಪಾಯಿಂಟ್‌ನ ಅಗಲ ಸ್ಲೈಡ್ 13.33 ಇಂಚು ಅಗಲ, 7.5 ಇಂಚು ಎತ್ತರ. ನಮ್ಮ ರೆಕಾರ್ಡಿಂಗ್‌ನಲ್ಲಿ ಮುಖದ ಚೌಕ ಅಗಲದ ಐದನೇ ಒಂದು ಭಾಗ ತಿನ್ನುತ್ತಿತ್ತು, ಅಂದರೆ ಹೆಚ್ಚುಕಡಿಮೆ 2.7 ಇಂಚು. ಚೌಕ ಮೇಲೂ ಇರಬಹುದು, ಕೆಳಗೂ ಇರಬಹುದು. ಅದಕ್ಕೆ ಮೂಲೆಗಳನ್ನಷ್ಟೇ ಬಿಡದೆ ಬಲಗಡೆಯ ಆ ಇಡೀ ಪಟ್ಟಿಯನ್ನೇ ಬಿಟ್ಟೆ. ಕೆಳಗೆ ಒಂದು ಇಂಚು ಕ್ಯಾಪ್ಷನ್ನಿಗೆ. ಉಳಿದ ಜಾಗ ಕಡಿಮೆ ಅನಿಸುತ್ತದೆ, ನಿಜ. ಖಾಲಿ ಪಟ್ಟಿಯಲ್ಲಿ ಲೋಗೊ, ಹಸುವಿನ ಚಿತ್ರ, ಮುಚ್ಚಿಹೋದರೂ ನಷ್ಟವಿಲ್ಲದ್ದನ್ನು ಇಡಬಹುದು.

ಮರೆಯದಿರಲು ಒಂದು ಉಪಾಯ ಮಾಡಿಕೊಂಡಿದ್ದೇನೆ. `View > Slide Master` ಗೆ ಹೋಗಿ, ಬಿಡಬೇಕಾದ ಜಾಗಕ್ಕೆ ಬೂದು ಬಣ್ಣ ತುಂಬಿಟ್ಟರೆ ಎಲ್ಲ ಸ್ಲೈಡಿನಲ್ಲೂ ಅದು ಕಾಣುತ್ತದೆ. ಅಕ್ಷರ ಬೂದು ಬಣ್ಣದ ಮೇಲೆ ಬಂತೋ, ತಪ್ಪು ಅಂತ ಗೊತ್ತಾಯಿತು. ಕೆಲಸ ಮುಗಿದ ಮೇಲೆ ಒಂದೇ ಕಡೆ ಅಳಿಸಿದರೆ ಸಾಕು. ಒಂದೇ ತೊಡಕು: ಮಾಸ್ಟರ್‌ನಲ್ಲಿಟ್ಟದ್ದು ಯಾವಾಗಲೂ ಹಿಂದೆ ಕೂರುತ್ತದೆ, ಬಣ್ಣ ತುಂಬಿದ ಟೇಬಲ್ ಅದನ್ನೇ ಮುಚ್ಚಿಬಿಡುತ್ತದೆ. ಟೇಬಲ್ ಇರುವ ಸ್ಲೈಡುಗಳನ್ನು ಕಣ್ಣಳತೆಯಲ್ಲೇ ನೋಡಿಕೊಳ್ಳಬೇಕು.

ಅಕ್ಷರದ ಗಾತ್ರದ ವಿಷಯದಲ್ಲಿ ನನ್ನ ಅಂದಾಜು ಪೂರ್ತಿ ತಪ್ಪಿತ್ತು. ಸಾಮಾನ್ಯ ಫೋನನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ 68 ಮಿಲಿಮೀಟರ್ ಆಸುಪಾಸು. ಅದರಲ್ಲಿ ಸ್ಲೈಡಿನ ಎತ್ತರ 38 ಮಿಲಿಮೀಟರ್ ಮಾತ್ರ, ಅಂದರೆ ಮೂಲದ ಐದನೇ ಒಂದು ಪಾಲು. ನಾನು 18 ಪಾಯಿಂಟ್‌ನಲ್ಲಿ ಬರೆದದ್ದು ಅವರ ಕಣ್ಣಿಗೆ 3.6 ಪಾಯಿಂಟ್ ಆಗಿ ಬೀಳುತ್ತದೆ. ಮಾತ್ರೆ ಪಟ್ಟಿಯ ಹಿಂದಿನ ಬರಹವೂ ಇದಕ್ಕಿಂತ ವಾಸಿ. ಫೋನು ಅಡ್ಡ ಹಿಡಿದರೆ ಅದೇ 18 ಪಾಯಿಂಟ್ ಆರೂವರೆಯಷ್ಟಾಗುತ್ತದೆ. ಕ್ಯಾನಿಗೆ ಒರಗಿಸಿದ ಫೋನು ಅಡ್ಡ ನಿಲ್ಲುವುದು ಕಡಿಮೆ. ಈಗ 32ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಅಂಕಿಗಳಿಗೆ 44.

ಕನ್ನಡಕ್ಕೆ ಇನ್ನೂ ಒಂದು ಕಷ್ಟ ಇದೆ. ನೆಟ್‌ವರ್ಕ್ ದುರ್ಬಲವಾದಾಗ ವಿಡಿಯೊ ಮಸುಕಾಗುತ್ತದಲ್ಲ, ಆಗ ಮೊದಲು ಹೋಗುವುದು ಒತ್ತಕ್ಷರ, ಆಮೇಲೆ ಮಹಾಪ್ರಾಣದ ಸೀಳು. ದಕಾರ ಯಾವುದು, ಧಕಾರ ಯಾವುದು ತಿಳಿಯುವುದಿಲ್ಲ. ಸಾಲುಗಳ ನಡುವೆ ಜಾಗ ಬಿಗಿಯಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಸಾಲಿನ ಅಂತರ 1.3 ಇಟ್ಟಿದ್ದೇನೆ, ತೆಳು ಫಾಂಟ್ ಬಿಟ್ಟು ದಪ್ಪನೆಯದು.

ಇಷ್ಟೆಲ್ಲ ಮಾಡಿದಾಗ ಸೂತ್ರ ಒಂದು ಸಾಲಿನಲ್ಲಿ ಹಿಡಿಯಲಿಲ್ಲ. ಹಿಡಿಸಲು ಹೋಗಲೂ ಇಲ್ಲ. ಎಡಗಡೆಯಿಂದ, ಒಂದರ ಕೆಳಗೊಂದು ಬರೆದೆ:

```
CLR ÷ 4      7.00
Fat × 0.21   0.84
ಕೂಡಿಸಿ        0.36
-----------------
SNF          8.20
```

ಹಳೆಯ ಸ್ಲೈಡಿಗಿಂತ ಇದೇ ಚೆನ್ನ, ಅಂಗಡಿ ಚೀಟಿಯ ಲೆಕ್ಕದ ಹಾಗಿದೆ. ಹನ್ನೆರಡು ಸಾಲು ಎಂಟು ಕಾಲಮ್ಮಿನ ದರಪಟ್ಟಿಯನ್ನು ಸ್ಲೈಡಿನಿಂದ ತೆಗೆದೇಬಿಟ್ಟೆ. ಅದರಿಂದ ಒಂದೇ ಸಾಲು ಎತ್ತಿ ತೋರಿಸುತ್ತೇನೆ, ಪೂರ್ತಿ ಪಟ್ಟಿ ಪಿಡಿಎಫ್ ಆಗಿ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. "ಇದು", "ಇಲ್ಲಿ" ಅನ್ನುವ ಬದಲು ಅಂಕಿಯನ್ನೇ ಬಾಯಿಬಿಟ್ಟು ಹೇಳುವ ಅಭ್ಯಾಸಕ್ಕೆ ಇನ್ನೂ ಹೆಣಗುತ್ತಿದ್ದೇನೆ.

ಮುಂದಿನ ತಂಡಕ್ಕೆ ಅದೇ ಲೆಕ್ಕ ಕೊಟ್ಟೆ. ರೆಕಾರ್ಡಿಂಗ್ ನೋಡಿದವರೆಲ್ಲ 8.20 ಕಳಿಸಿದರು, ಒಬ್ಬರದು ಮಾತ್ರ 7.36. ಫ್ಯಾಟಿನ ಸಾಲೇ ಬಿಟ್ಟುಹೋಗಿದೆ. ಎದೆ ಧಸಕ್ ಅಂದು ಫೋನ್ ಮಾಡಿ ಕೇಳಿದೆ, ನಡುವಿನ ಸಾಲು ಏನಾದರೂ ಮುಚ್ಚಿತ್ತಾ?

"ಇಲ್ಲ ಮೇಡಂ, ಎಲ್ಲ ಕಾಣ್ತಿತ್ತು. ಹಾಲಿನ ಗಾಡಿ ಬಂತು, ಅರ್ಧಕ್ಕೇ ಎದ್ದುಹೋದೆ."