ಗೋಪಾಲಕೃಷ್ಣನ ಎದುರು ನೃತ್ಯಸೇವೆ: ಕ್ಯಾಮೆರಾ ಎಲ್ಲಿ ನಿಲ್ಲಬೇಕು?

ನವೆಂಬರ್ 3

ಅಣ್ಣನ ಮಗಳು ಮುಂದಿನ ತಿಂಗಳು ನಮ್ಮೂರ ಗೋಪಾಲಕೃಷ್ಣ ದೇವಸ್ಥಾನದಲ್ಲಿ ನೃತ್ಯಸೇವೆ ಮಾಡುತ್ತಾಳೆ. ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ದಾರಿಯಲ್ಲಿ, ಸ್ವಲ್ಪ ಒಳಗೆ ಇರುವ ಚಿಕ್ಕ ದೇವಸ್ಥಾನ. ಭರತನಾಟ್ಯದ ಪುಷ್ಪಾಂಜಲಿ, ಆಮೇಲೆ ಕೃಷ್ಣನ ಮೇಲೆ ಒಂದು ದೇವರನಾಮ. ಎಲ್ಲ ಸೇರಿ 14 ನಿಮಿಷ. ವಿಡಿಯೋ ಮಾಡುವ ಕೆಲಸ ನನ್ನದು.

ಸಭಾಭವನದ ವೇದಿಕೆಯಲ್ಲಿ ಆದರೆ ನನಗೆ ಅಭ್ಯಾಸ ಇದೆ. ಕಲಾವಿದೆ ಜನರ ಕಡೆ ಮುಖ ಮಾಡುತ್ತಾಳೆ, ಕ್ಯಾಮೆರಾ ಜನರ ನಡುವೆ ಇರುತ್ತದೆ. ಇಲ್ಲಿ ಹಾಗಲ್ಲ. ಇದು ಸೇವೆ. ಅವಳ ಮುಖ ಗರ್ಭಗುಡಿಯ ಕಡೆ. ಜನ ಕೂರುವುದು ಅವಳ ಬೆನ್ನಿಗೆ. ಮುಖವೂ ಹಸ್ತವೂ ಚೆನ್ನಾಗಿ ಕಾಣುವ ಜಾಗ ದೇವರದ್ದು. ಅಲ್ಲಿ ನಾನು ನಿಲ್ಲುವಂತಿಲ್ಲ. ಹಾಗಾದರೆ ಹಸ್ತಗಳನ್ನು ಎಲ್ಲಿಂದ ಹಿಡಿಯುವುದು? ಈ ಒಂದೇ ಪ್ರಶ್ನೆ ಮೇಲೆ ಇಡೀ ಪ್ಲ್ಯಾನ್ ನಿಂತಿದೆ.

ನವೆಂಬರ್ 5

ಬೆಳಗ್ಗಿನ ಪೂಜೆ ಮುಗಿದ ಮೇಲೆ ಭಟ್ರ ಹತ್ತಿರವೂ ಮೊಕ್ತೇಸರರ ಹತ್ತಿರವೂ ಮಾತಾಡಿದೆ. ಇಬ್ಬರೂ ಒಪ್ಪಿದರು. ಮೂರು ಮಾತು ಹೇಳಿದರು. ಮೂರ್ತಿ ಕ್ಯಾಮೆರಾದಲ್ಲಿ ಬರಬಾರದು. ನಡೆಯ ನೇರಕ್ಕೆ ದೇವರಿಗೆ ಬೆನ್ನು ಹಾಕಿ ಯಾರೂ ನಿಲ್ಲಬಾರದು. ಸೇವೆ ಒಂದೇ ಸಲ, ನಡುವೆ ನಿಲ್ಲಿಸಿ ಇನ್ನೊಮ್ಮೆ ಮಾಡಿ ಅನ್ನುವ ಹಾಗಿಲ್ಲ.

ಮೂರನೆಯದನ್ನು ನಾನೂ ಮನಸ್ಸಿನಿಂದ ಒಪ್ಪುತ್ತೇನೆ. ಹಸ್ತದ ಕ್ಲೋಸಪ್ ಬೇರೆ ದಿನ ಮನೆಯಲ್ಲಿ ತೆಗೆದು ನಡುವೆ ಸೇರಿಸಬಹುದಿತ್ತು. ಆದರೆ ಆ ಕೈ ದೇವರ ಎದುರು ಹೂ ಹಾಕಿದ ಕೈ ಆಗುವುದಿಲ್ಲ, ಅಲ್ವಾ. ಆದ್ದರಿಂದ ತೀರ್ಮಾನ: ಎರಡು ಕ್ಯಾಮೆರಾ, ಒಂದೇ ಸೇವೆ, ಆವತ್ತು ಸಿಕ್ಕಿದ್ದಷ್ಟೇ.

ಟೇಪ್ ಹಿಡಿದು ಅಳತೆ ತೆಗೆದುಕೊಂಡೆ. ಗರ್ಭಗುಡಿ ಪೂರ್ವಕ್ಕೆ ಮುಖ. ಎದುರು ನಮಸ್ಕಾರ ಮಂಟಪ ಇಲ್ಲ, ಕಲ್ಲು ಹಾಸಿದ ಅಂಗಣ ಮಾತ್ರ. ಮೆಟ್ಟಿಲಿನಿಂದ ಸುತ್ತುಪೌಳಿಯ ಬಾಗಿಲಿನವರೆಗೆ 22 ಅಡಿ. ಅವಳು ನಿಲ್ಲುವ ಜಾಗಕ್ಕೂ ನೈಋತ್ಯ ಮೂಲೆಗೂ 13 ಅಡಿ, ಅಂದರೆ ಸುಮಾರು 4 ಮೀಟರ್.

ಆ ಮೂಲೆಯೇ ಉತ್ತರ. ಅಲ್ಲಿ ನಿಂತರೆ ನಾನು ನಡೆಯ ನೇರಕ್ಕೆ ಇಲ್ಲ, ಗರ್ಭಗುಡಿಯ ಗೋಡೆಯ ಪಕ್ಕಕ್ಕೆ ಇದ್ದೇನೆ. ಅವಳ ಮುಖ ಓರೆಯಾಗಿ, ಅರ್ಧಕ್ಕಿಂತ ಜಾಸ್ತಿ ಕಾಣುತ್ತದೆ. ಕ್ಯಾಮೆರಾ ನೋಡುವುದು ಹೊರಗಿನ ಕಡೆಗೆ. ಹಾಗಾಗಿ ಮೂರ್ತಿ ಬರುವ ಪ್ರಶ್ನೆಯೇ ಇಲ್ಲ. ಭಟ್ರು ಬಂದು ನೋಡಿ, "ಇಲ್ಲಿ ನಿಲ್ಲು, ಮಂಗಳಾರತಿ ಹೊತ್ತಿಗೆ ಮಾತ್ರ ಬದಿಗೆ ಸರಿ" ಅಂದರು.

ನವೆಂಬರ್ 9

ನೈಋತ್ಯವೇ ಯಾಕೆ, ವಾಯವ್ಯ ಮೂಲೆ ಯಾಕೆ ಆಗಬಾರದು? ಮನೆಯ ಅಂಗಳದಲ್ಲಿ ಎರಡೂ ಕಡೆಯಿಂದ ತೆಗೆದು ನೋಡಿದೆವು. ಅಡಿಕೆ ಹರಗಿದ್ದನ್ನು ಒಂದು ಬದಿಗೆ ಎಳೆದು, ರಂಗೋಲಿ ಪುಡಿಯಲ್ಲಿ ಮೆಟ್ಟಿಲು, ಗೋಡೆ, ಮೂಲೆ ಎಲ್ಲ ಗೆರೆ ಹಾಕಿಕೊಂಡೆ.

ಉತ್ತರ ಕೊಳಲಿನಲ್ಲಿ ಸಿಕ್ಕಿತು. ಕೊಳಲು ಊದುವ ಕೃಷ್ಣನಿಗೆ ಎರಡೂ ಕೈಯಲ್ಲಿ ಮೃಗಶೀರ್ಷ ಹಸ್ತ. ಕಿರುಬೆರಳು, ಹೆಬ್ಬೆರಳು ನೆಟ್ಟಗೆ, ನಡುವಿನ ಮೂರು ಬೆರಳು ಮುಂದಕ್ಕೆ ಬಾಗಿರುತ್ತವೆ. ಕೈಗಳು ಬಾಯಿಯಿಂದ ಅವಳ ಬಲಕ್ಕೆ ಚಾಚುತ್ತವೆ. ವಾಯವ್ಯ ಅಂದರೆ ಅವಳ ಬಲಗಡೆ. ಅಲ್ಲಿಂದ ನೋಡಿದರೆ ಕೈಗಳು ಮುಖಕ್ಕೇ ಅಡ್ಡ ಬರುತ್ತವೆ. ಕೊಳಲೂ ಇಲ್ಲ, ಮುಖವೂ ಇಲ್ಲ. ಎಡಗಡೆಯಿಂದ, ಅಂದರೆ ನೈಋತ್ಯದಿಂದ, ಮುಖದ ಆಚೆಗೆ ಕೈಗಳು ಬಿಡಿಸಿಕೊಂಡು ಕಾಣುತ್ತವೆ. ಕಣ್ಣು, ತುಟಿ, ಎರಡು ಮೃಗಶೀರ್ಷ, ಎಲ್ಲ ಒಂದೇ ಚೌಕಟ್ಟಿನಲ್ಲಿ.

ಇದಕ್ಕೆ 85 ಮಿ.ಮೀ. ಲೆನ್ಸ್ ಸರಿಯಾಯಿತು. ನನ್ನದು ಚಿಕ್ಕ ಸೆನ್ಸರಿನ ಕ್ಯಾಮೆರಾ. 4 ಮೀಟರ್ ದೂರದಲ್ಲಿ ಅದು ಸುಮಾರು 110 ಸೆಂ.ಮೀ. ಅಗಲ, 62 ಸೆಂ.ಮೀ. ಎತ್ತರ ಹಿಡಿಯುತ್ತದೆ. ನೆತ್ತಿಯಿಂದ ಎದೆಯವರೆಗೆ. ಇನ್ನೂ ಹತ್ತಿರ ಹೋಗಿ ಬರೀ ಬೆರಳು ತೋರಿಸಬೇಕು ಅಂತ ನನಗೆ ಮೊದಲು ಆಸೆ ಇತ್ತು. ಟೀಚರ್ ಬೇಡ ಅಂದರು. ಕೈ ಹೋದಲ್ಲಿಗೆ ಕಣ್ಣು ಹೋಗಬೇಕು ಅನ್ನುವುದು ನಾಟ್ಯದಲ್ಲಿ ಮೊದಲ ಪಾಠ. ಕಣ್ಣನ್ನು ಕತ್ತರಿಸಿದರೆ ಹಸ್ತ ಬರೀ ಬೆರಳಿನ ಆಕಾರ ಆಗಿಬಿಡುತ್ತದೆ. ಅವರ ಮಾತು ಸರಿ. ನನ್ನ ಪ್ಲ್ಯಾನಿನಲ್ಲಿ ಹಸ್ತದ ಕ್ಲೋಸಪ್ ಅಂದರೆ ಇನ್ನು ಮುಂದೆ ಕಣ್ಣು ಮತ್ತು ಕೈ.

ನವೆಂಬರ್ 12

ಎರಡನೇ ಕ್ಯಾಮೆರಾ ಹಿಂದೆ, ಆಗ್ನೇಯ ಮೂಲೆಯಲ್ಲಿ, ಅಗಲವಾಗಿ ಹಿಡಿಯಲು. ಸ್ಟ್ಯಾಂಡಿನ ಮೇಲೆ ಇಟ್ಟು ಬಿಡುವುದು, ಯಾರೂ ಮುಟ್ಟುವುದಿಲ್ಲ. ಇಲ್ಲಿ ಮೂರ್ತಿಯದ್ದೇ ಚಿಂತೆ. ನೇರ ಹಿಂದಿನಿಂದ ತೆಗೆದರೆ ಅವಳು ಬದಿಗೆ ಸರಿದ ಕೂಡಲೇ ಗರ್ಭಗುಡಿಯ ಒಳಗೆ ಕಾಣುತ್ತದೆ. ಓರೆಯಿಂದ ನೋಡಿದರೆ ಬಾಗಿಲಿನ ದಾರಂದವೇ ಮರೆ ಆಗುತ್ತದೆ. ಪರೀಕ್ಷೆ ಸುಲಭ. ಕ್ಯಾಮೆರಾ ಇಡುವ ಎತ್ತರಕ್ಕೆ ಕೂತು ನೋಡಿದೆ. ಒಳಗಿನ ನಂದಾದೀಪದ ಜ್ವಾಲೆ ಕಾಣುತ್ತಿತ್ತು. ಒಂದೂವರೆ ಅಡಿ ದಕ್ಷಿಣಕ್ಕೆ ಸರಿದ ಮೇಲೆ ಜ್ವಾಲೆ ಮರೆಯಾಯಿತು, ಬೆಳಕು ಮಾತ್ರ ಬಾಗಿಲಿನ ಮರದ ಮೇಲೆ ಉಳಿಯಿತು. ಅಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಎರಡೂ ಕ್ಯಾಮೆರಾ ದಕ್ಷಿಣಕ್ಕೇ ಇರುವುದರಿಂದ ದೇವರು ಯಾವಾಗಲೂ ತೆರೆಯ ಎಡಕ್ಕೆ ಇರುತ್ತಾನೆ. ಒಂದು ಕ್ಯಾಮೆರಾ ಉತ್ತರಕ್ಕೆ ಹೋಗಿದ್ದರೆ, ಒಂದು ಶಾಟಿನಲ್ಲಿ ಎಡಕ್ಕೆ ನಮಸ್ಕಾರ, ಇನ್ನೊಂದರಲ್ಲಿ ಬಲಕ್ಕೆ ನಮಸ್ಕಾರ. ನೋಡುವವರಿಗೆ ದೇವರು ಎಲ್ಲಿದ್ದಾನೆ ಅಂತಲೇ ತಿಳಿಯುವುದಿಲ್ಲ.

ಆದರೂ ಒಂದು ತೊಡಕು ಉಳಿದಿದೆ. ಅಂಗಳದ ವಿಡಿಯೋ ಜೋಡಿಸುವಾಗ ಗಮನಕ್ಕೆ ಬಂತು. ಮುಂದಿನ ಕ್ಯಾಮೆರಾದಲ್ಲಿ ಕೊಳಲು ತೆರೆಯ ಎಡಕ್ಕೆ ಚಾಚುತ್ತದೆ, ಹಿಂದಿನದರಲ್ಲಿ ಬಲಕ್ಕೆ. ಒಂದರಿಂದ ಇನ್ನೊಂದಕ್ಕೆ ಹಾರಿದರೆ ಕೃಷ್ಣ ಕೊಳಲನ್ನು ಕೈ ಬದಲಿಸಿದ ಹಾಗೆ ಕಾಣುತ್ತದೆ. ಹಾಗಾಗಿ ಕೊಳಲಿನ ಸಾಲು ಪೂರ್ತಿ ಮುಂದಿನ ಕ್ಯಾಮೆರಾದ್ದೇ. ಸಾಲು ಮುಗಿದು ಅವಳು ಒಂದು ಸುತ್ತು ತಿರುಗುತ್ತಾಳೆ. ತಿರುಗುವ ನಡುವೆ ಅಗಲದ ಶಾಟಿಗೆ ಬರುವುದು.

ನವೆಂಬರ್ 16

ಇವತ್ತು ನಿಜವಾದ ಪರೀಕ್ಷೆ. ಅಂಗಳದಲ್ಲಿ ತೆಗೆದ ಕ್ಲೋಸಪ್‌ಗಳನ್ನು ಶಬ್ದ ಇಲ್ಲದೆ ಫೋನಿನಲ್ಲಿ ಟೀಚರಿಗೆ ತೋರಿಸಿದೆ. ಅವರೇ ಕಲಿಸಿದ ನೃತ್ಯ ಆದ್ದರಿಂದ ತುಣುಕುಗಳನ್ನು ಹಿಂದೆ ಮುಂದೆ ಮಾಡಿದ್ದೆ. ಯಾವ ಹಸ್ತ ಅಂತ ಹೇಳಿ ಅಂದೆ. ಹನ್ನೊಂದರಲ್ಲಿ ಒಂಬತ್ತು ಸರಿಯಾಗಿ ಹೇಳಿದರು. ಎರಡರಲ್ಲಿ ತಡವರಿಸಿದರು. ಕಲಿಸಿದವರಿಗೇ ಗೊತ್ತಾಗದಿದ್ದರೆ ತಪ್ಪು ನನ್ನ ಕೋನದ್ದು.

ಒಂದು, ಪುಷ್ಪಾಂಜಲಿಯ ಪುಷ್ಪಪುಟ. ಎರಡು ಕೈ ಪಕ್ಕಪಕ್ಕ ಸೇರಿಸಿ ಬೊಗಸೆ ಹಿಡಿದು, ಅದರಲ್ಲಿ ಹೂ. ಕ್ಯಾಮೆರಾ ಎದೆಯ ಎತ್ತರಕ್ಕಿಂತ ಕೆಳಗಿತ್ತು. ಹಾಗಾಗಿ ಕೈಯ ಹೊರಮೈ ಮಾತ್ರ ಕಂಡಿತು, ಹೂ ಕಾಣಲೇ ಇಲ್ಲ. ಸ್ಟ್ಯಾಂಡನ್ನು ನಾಲ್ಕೂವರೆ ಅಡಿಗೆ ಏರಿಸಿದೆ. ಈಗ ಬೊಗಸೆಯ ಒಳಗೆ ಕಾಣುತ್ತದೆ. ಅವಳು ಅರಮಂಡಿಗೆ ಇಳಿದಾಗ ಸ್ವಲ್ಪ ಮೇಲಿನಿಂದ ನೋಡಿದ ಹಾಗಾಗುತ್ತದೆ, ಅದನ್ನು ಒಪ್ಪಿಕೊಂಡೆ.

ಇನ್ನೊಂದು, ಹೂ ಕೊಯ್ಯುವ ಕಟಕಾಮುಖ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ತುದಿಯಲ್ಲಿ ಸೇರುತ್ತವೆ. ಹಂಸಾಸ್ಯದಲ್ಲಿ ಸೇರುವುದು ಹೆಬ್ಬೆರಳು, ತೋರುಬೆರಳು ಎರಡೇ. ವ್ಯತ್ಯಾಸ ಇರುವುದು ಆ ಒಂದು ಬೆರಳಿನಲ್ಲಿ. ದೇವರನಾಮದಲ್ಲಿ ಅವಳು ಎಡಗೈಯಿಂದ ಹೂ ಕೊಯ್ಯುತ್ತಾಳೆ. ಅಂಗೈ ಕೆಳಗೆ ಇದ್ದಾಗ ಎಡಗೈಯ ಹೆಬ್ಬೆರಳು ಒಳಗಡೆಗೆ, ಕಿರುಬೆರಳು ನನ್ನ ಕಡೆಗೆ. ಚಾಚಿದ ಬೆರಳುಗಳು ಎದುರಿಗೆ ಬಂದು ಸೇರುವ ಜಾಗವನ್ನು ಮುಚ್ಚುತ್ತವೆ. ಟೀಚರ್ ಅದನ್ನು ಹಂಸಾಸ್ಯ ಅಂದರು.

"ಬಲಗೈಯಲ್ಲಿ ಕೊಯ್ಯಬಹುದಾ?" ಅಂತ ಕೇಳಲು ನನಗೆ ಸಂಕೋಚ. ಕ್ಯಾಮೆರಾಕ್ಕೋಸ್ಕರ ಸೇವೆ ಬದಲಿಸುವುದು ಸರಿಯಲ್ಲ. ಅವಳೇ ಹೇಳಿದಳು: "ಅಪ್ಪಚ್ಚಿ, ಆ ಸಾಲು ಎರಡು ಸಲ ಹಾಡುತ್ತಾರೆ. ಎರಡನೇ ಸಲ ನಾನು ಬಲಗೈಯಲ್ಲೇ ಕೊಯ್ಯುವುದು." ನಾನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ! ಬಲಗೈ ಆದರೆ ಹೆಬ್ಬೆರಳಿನ ಬದಿ ನನ್ನ ಕಡೆಗೆ. ಮೂರು ತುದಿ ಸೇರುವುದು ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ಮೊದಲ ಸಲ ಅಗಲದ ಶಾಟ್, ಎರಡನೇ ಸಲ ಕ್ಲೋಸಪ್. ಅಭಿನಯದಲ್ಲಿ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಹಸ್ತ ಬೇರೆ. ಇಡೀ ಹಾಡನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ, ಯಾವ ಸಲ ಯಾವ ಕ್ಯಾಮೆರಾ ಅಂತ ಸಾಹಿತ್ಯದ ಪಕ್ಕದಲ್ಲೇ ಬರೆದುಕೊಂಡೆ.

ನವೆಂಬರ್ 21

ಸಂಜೆ ದೀಪ ಹಚ್ಚಿದ ಮೇಲೆ ದೇವಸ್ಥಾನದಲ್ಲಿ ಬೆಳಕು ನೋಡಿದೆ. ಎಣ್ಣೆ ದೀಪ ಕೆಂಪು ಹಳದಿ, ಮೇಲಿನ ಟ್ಯೂಬ್‌ಲೈಟ್ ನೀಲಿ ಬಿಳಿ. ಎರಡೂ ಬಿದ್ದರೆ ಕೈಯ ಒಂದು ಬದಿ ಹಳದಿ, ಇನ್ನೊಂದು ಬದಿ ಹೆಣದ ಬಣ್ಣ. ಸೇವೆಯ ಹೊತ್ತಿಗೆ ಟ್ಯೂಬ್ ಆರಿಸಿ, ಪೌಳಿಯಲ್ಲಿ ಹಳದಿ ಬಲ್ಬ್ ನಾಲ್ಕು ಹಾಕಲು ಮೊಕ್ತೇಸರರು ಒಪ್ಪಿದ್ದಾರೆ. ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾಕ್ಕೆ ಬಿಡದೆ ಕೈಯಲ್ಲೇ ಇಟ್ಟು ಲಾಕ್ ಮಾಡುತ್ತೇನೆ. ಇಲ್ಲದಿದ್ದರೆ ಆರತಿ ಬಂದಾಗೆಲ್ಲ ಬಣ್ಣ ಓಡಾಡುತ್ತದೆ.

ಕಷ್ಟ ಇರುವುದು ಫೋಕಸಿನಲ್ಲಿ. ಬೆಳಕು ಕಡಿಮೆ ಅಂತ ಅಪರ್ಚರ್ 2.8ರಲ್ಲಿ ಇಟ್ಟರೆ, ಈ ದೂರದಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು 25 ಸೆಂ.ಮೀ. ಮಾತ್ರ. ಪುಷ್ಪಾಂಜಲಿಯಲ್ಲಿ ಕೈ ದೇವರ ಕಡೆ ಚಾಚಿದಾಗ, ನನ್ನ ಮೂಲೆಯಿಂದ ಅಳೆದರೆ ಕೈ ಮುಖಕ್ಕಿಂತ 35 ಸೆಂ.ಮೀ.ನಷ್ಟು ಹತ್ತಿರ ಬರುತ್ತದೆ. ಕೈ ಚೂಪಾಗಿದ್ದರೆ ಕಣ್ಣು ಮಸುಕು. 5.6ಕ್ಕೆ ಹೋದರೆ ಅರ್ಧ ಮೀಟರ್ ಸಿಗುತ್ತದೆ, ಆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಚಿತ್ರದಲ್ಲಿ ಮರಳಿನ ಹಾಗೆ ಕಾಳು ಕಾಳು. ಎರಡನ್ನೂ ತೆಗೆದು ನೋಡಿದೆ. 4ರಲ್ಲಿ ನಿಂತೆ. ಹೂ ಕೈಯಲ್ಲಿ ಇರುವವರೆಗೆ ಫೋಕಸ್ ಬೊಗಸೆಯ ಮೇಲೆ. ಹೂ ಬಿಟ್ಟ ಕ್ಷಣದಲ್ಲಿ ಕಣ್ಣಿಗೆ ತರುವುದು. ಆಟೋ ಫೋಕಸ್ ಆರಿಸಿದ್ದೇನೆ, ಅದು ಹಾರುವ ಹೂವಿನ ಹಿಂದೆ ಓಡಿತು. ರಿಂಗಿನ ಮೇಲೆ ಎರಡು ಚುಕ್ಕಿ ಇಟ್ಟಿದ್ದೇನೆ, ಒಂದು ಕೈಗೆ, ಒಂದು ಕಣ್ಣಿಗೆ.

ಶಟರ್ 1/100. ಇಲ್ಲಿನ ಕರೆಂಟ್ 50 ಹರ್ಟ್ಜ್ ಆದ್ದರಿಂದ ಬಲ್ಬ್ ಮಿನುಗುವುದಿಲ್ಲ, ಜತಿಯಲ್ಲಿ ಬೆರಳೂ ಅಷ್ಟು ಕದಡುವುದಿಲ್ಲ.

ಸೀರೆಯ ಬಗ್ಗೆಯೂ ಒಂದು ಮಾತು ಆಯಿತು. ಬೆರಳ ತುದಿಗೆ ಕೆಂಪು ಹಚ್ಚುತ್ತಾರೆ, ಉಡುಪೂ ಕೆಂಪು. ಎದೆಯ ಎದುರು ಹಿಡಿದ ಹಸ್ತದ ತುದಿಗಳು ಬಟ್ಟೆಯಲ್ಲಿ ಕರಗಿ ಹೋಗುತ್ತಿದ್ದವು. ಅವಳ ಹತ್ತಿರ ಹಸಿರು ಉಡುಪೂ ಇದೆ. ಅದನ್ನೇ ಹಾಕಲು ಟೀಚರ್ ಒಪ್ಪಿದರು. ಇದು ಸೇವೆಯನ್ನು ಬದಲಿಸಿದ ಹಾಗಲ್ಲ ಅಂತ ಅವರೇ ಹೇಳಿದ್ದರಿಂದ ಸಮಾಧಾನ ಆಯಿತು.

ನವೆಂಬರ್ 24

ಉಳಿದದ್ದು ಚಿಕ್ಕ ಕೆಲಸ. ಒಳಗೆ ಅಂಗಿ ತೆಗೆದೇ ಹೋಗಬೇಕು. ಕ್ಯಾಮೆರಾದ ಚರ್ಮದ ಪಟ್ಟಿ ಬಿಚ್ಚಿ ನೈಲಾನಿನದ್ದು ಕಟ್ಟಿದ್ದೇನೆ. ಹೆಚ್ಚುವರಿ ಬ್ಯಾಟರಿ ಮುಂಡಿನ ಮಡಿಕೆಯಲ್ಲಿ. ಎರಡು ಕ್ಯಾಮೆರಾ ಹೊಂದಿಸಲು ಚಪ್ಪಾಳೆ ತಟ್ಟುವುದಿಲ್ಲ. ನಟ್ಟುವಾಂಗದ ತಾಳದ ಮೊದಲ ಹೊಡೆತ ಎರಡರಲ್ಲೂ ಕೇಳುತ್ತದೆ, ಅದರಿಂದಲೇ ಜೋಡಿಸಿಕೊಳ್ಳುತ್ತೇನೆ. ನಾಡಿದ್ದು ಸಂಜೆ ಪೂಜೆ ಮುಗಿದ ಮೇಲೆ ದೇವಸ್ಥಾನದಲ್ಲೇ ಗೆಜ್ಜೆ ಇಲ್ಲದೆ ಒಂದು ಸಲ ನಡೆದು ನೋಡುತ್ತೇವೆ. ಆವತ್ತು ನೋಡಬೇಕಾದದ್ದು ಎರಡೇ: ದೀಪದ ಬೆಳಕಿನಲ್ಲಿ ಬಲಗೈಯ ಕಟಕಾಮುಖ ಕಾಣುತ್ತದಾ, ಮತ್ತು ಅವಳು ಬದಿಗೆ ಸರಿದಾಗಲೂ ಆಗ್ನೇಯದ ಕ್ಯಾಮೆರಾದಲ್ಲಿ ನಂದಾದೀಪ ಮರೆಯಾಗಿಯೇ ಇರುತ್ತದಾ.